ವಂದನಾರ್ಪಣೆಯಲ್ಲಿ ತಮಾಷೆ ಯಾರ ಮೇಲೆ?

‘ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಮಾಡಿದ ವಂದನಾರ್ಪಣೆಯನ್ನು ಹಾಸ್ಯ ವಿಭಾಗಕ್ಕೆ ಕಳಿಸುತ್ತಿದ್ದೇನೆ. ತಾಲೀಮಿನ ಬಗ್ಗೆ, ತಡವಾಗಿ ಬಂದ ಮುಖ್ಯ ಅತಿಥಿಗಳ ಬಗ್ಗೆ ತಮಾಷೆ ಸೇರಿಸಿದ್ದೆ. ಆದರೆ ಜನ ಅಷ್ಟಾಗಿ ನಗಲಿಲ್ಲ. ಎಲ್ಲಿ ತಪ್ಪಿದೆ ಹೇಳುತ್ತೀರಾ?’ – ಒಬ್ಬ ಶಿಕ್ಷಕಿ

ನಮಸ್ಕಾರ ಮೇಡಂ,

ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಬೇಕಾದ ಸಾಮಾನೆಲ್ಲ ಇದರೊಳಗೇ ಇದೆ. ಅದು ಇರಬೇಕಾದ ಜಾಗದಲ್ಲಿ ಇಲ್ಲ, ಅಷ್ಟೇ.

ಮೊದಲು ಅತಿಥಿಗಳ ವಿಷಯ. ನೀವು ಹೀಗೆ ಬರೆದಿದ್ದೀರಿ: ‘ಐದು ಗಂಟೆಗೆ ಬರಬೇಕಾದ ಮುಖ್ಯ ಅತಿಥಿಗಳು ಆರೂವರೆಗೆ ಬಂದರು. ಅವರ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿಕೊಡಬೇಕು.’ ಆ ಹೊತ್ತಿಗೆ ಅವರು ವೇದಿಕೆಯ ಮೇಲೆ ಕೂತಿದ್ದಾರೆ, ಕೊರಳಲ್ಲಿ ಹಾರ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಮೈಕ್ ನಿಮ್ಮ ಕೈಯಲ್ಲಿದೆ. ಅವರು ತಿರುಗಿ ಒಂದು ಮಾತು ಹೇಳುವ ಹಾಗಿಲ್ಲ. ನಕ್ಕರೆ ಅವರಿಗೆ ಬೇಜಾರಾದೀತು ಎಂದು ಜನರೂ ತುಟಿ ಬಿಗಿಹಿಡಿದರು. ತಡವಾದದ್ದು ಎಲ್ಲರಿಗೂ ಗೊತ್ತು. ಅದನ್ನೇ ಮತ್ತೆ ಹೇಳಿದರೆ ದೂರು ಆಗುತ್ತದೆ, ತಮಾಷೆ ಆಗುವುದಿಲ್ಲ.

ಈಗ ನಿಮ್ಮದೇ ಇನ್ನೊಂದು ಸಾಲು ನೋಡಿ. ಸಂಗೀತದ ಟೀಚರಿಗೆ ವಂದಿಸುವಾಗ, ಎರಡನೇ ತರಗತಿ ಮಕ್ಕಳು ಸಂಜೆಯಿಂದ ಸ್ವಾಗತ ಗೀತೆಯನ್ನು ಐದು ಸಲ ಹಾಡಿದರು ಎಂದಿದ್ದೀರಿ. ಗೇಟಿನ ಹತ್ತಿರ ಯಾವ ಗಾಡಿ ನಿಂತರೂ ಎದ್ದು ಹಾಡುತ್ತಿದ್ದರಂತೆ. ಇದನ್ನು ಅತಿಥಿಗಳ ಹತ್ತಿರ ತನ್ನಿ:

‘ಸರ್, ಎಷ್ಟೆಲ್ಲ ಕೆಲಸದ ನಡುವೆ ಬಂದಿದ್ದೀರಿ, ನಿಮಗೆ ವಂದನೆಗಳು. ನೀವು ಬರುವವರೆಗೆ ನಮ್ಮ ಎರಡನೇ ತರಗತಿ ಮಕ್ಕಳು ಸ್ವಾಗತ ಗೀತೆಯನ್ನು ನಾಲ್ಕು ಸಲ ಹಾಡಿದರು. ಒಂದು ಸಲ ಶಾಮಿಯಾನದ ಟೆಂಪೋಗೆ, ಒಂದು ಸಲ ಐಸ್‌ಕ್ರೀಮ್ ಗಾಡಿಗೆ. ನೀವು ಕೇಳಿದ್ದು ಐದನೆಯದು. ಅದಕ್ಕೇ ಅಷ್ಟು ಚೆನ್ನಾಗಿ ಬಂತು.’

ತಡವಾಯಿತು ಎಂಬ ಮಾತೇ ಇಲ್ಲಿ ಬರಲಿಲ್ಲ, ಅಲ್ವಾ? ಆದರೂ ಕಾದವರಿಗೆಲ್ಲ ಅರ್ಥವಾಗುತ್ತದೆ. ಮಕ್ಕಳಿಗೆ ಹೊಗಳಿಕೆ ಸಿಕ್ಕಿತು, ಅತಿಥಿಗಳೂ ಮನಸಾರೆ ನಗಬಹುದು. ವಂದನೆ ಮೊದಲು, ತಮಾಷೆ ಆಮೇಲೆ. ಇದನ್ನು ತಿರುಗಿಸಿದರೆ ವಂದನೆ ಸುಮ್ನೆ ತೇಪೆ ಹಾಕಿದ ಹಾಗೆ ಕೇಳುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಅವರು ಯಾಕೆ ತಡವಾಗಿ ಬಂದರು ಎಂದು ಜೊತೆಗೆ ಬಂದವರನ್ನು ಮೆಲ್ಲಗೆ ಕೇಳಿಕೊಳ್ಳಿ. ಟ್ರಾಫಿಕ್ಕೋ ಇನ್ನೊಂದು ಸಭೆಯೋ ಆದರೆ ಸರಿ. ಆಸ್ಪತ್ರೆ, ಸಾವು ಅಂದರೆ ಈ ಭಾಗವನ್ನು ಪೂರ್ತಿ ಬಿಡಿ.

ತಾಲೀಮಿನ ಭಾಗದಲ್ಲಿ ‘ಮಕ್ಕಳು ಬಹಳ ತುಂಟಾಟ ಮಾಡಿದರು’ ಎಂದಿದ್ದೀರಿ. ಯಾವ ಶಾಲೆಯಲ್ಲಿ ಮಾಡುವುದಿಲ್ಲ ಹೇಳಿ? ಆದರೆ ಕೊನೆಯ ಪುಟದಲ್ಲಿ, ಸಹಕರಿಸಿದವರ ಪಟ್ಟಿಯ ನಡುವೆ, ಒಂದು ಚಿನ್ನದಂಥ ಸಾಲು ಅಡಗಿದೆ: ಕೋಲಾಟದ ಕೋಲು ಮುರಿದಾಗ ಬಿಸಿಯೂಟದ ಅಕ್ಕ ಮನೆಯಿಂದ ಎರಡು ಲಟ್ಟಣಿಗೆ ತಂದುಕೊಟ್ಟರು. ಇದನ್ನು ಓದಿ ನಾನು ಜೋರಾಗಿ ನಕ್ಕೆ. ಇದನ್ನು ಮುಂದೆ ತನ್ನಿ. ‘ನಮ್ಮ ಕೋಲಾಟದ ಜೋಡಿಗಳಲ್ಲಿ ಒಬ್ಬ ಹುಡುಗನ ಕೈಯಲ್ಲಿ ಲಟ್ಟಣಿಗೆ ಇರುತ್ತದೆ, ಗಮನಿಸಿ. ಅದರ ಒಡತಿ ಅಲ್ಲಿ ಕಂಬದ ಹತ್ತಿರ ನಿಂತಿದ್ದಾರೆ. ಅಕ್ಕಾ, ನಾಳೆ ಚಪಾತಿಗೆ ಮುಂಚೆ ವಾಪಸ್ ಕೊಡುತ್ತೇವೆ.’ ಇಷ್ಟು ಹೇಳಿದರೆ ಜನ ಅವರ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಾರೆ. ಬೇರೆಯಾಗಿ ವಂದನೆ ಹೇಳುವ ಅಗತ್ಯವೇ ಇಲ್ಲ. ಆದರೆ ಒಂದು ಎಚ್ಚರಿಕೆ: ನಾಟಕದ ತಾಲೀಮಿನಲ್ಲಿ ಮಾತು ಮರೆತ ಹುಡುಗನ ಹೆಸರನ್ನು ದಯವಿಟ್ಟು ತೆಗೆದುಬಿಡಿ. ಮಾರನೇ ದಿನ ಅವನು ಅದೇ ತರಗತಿಗೆ ಹೋಗಬೇಕು.

ಇನ್ನು ಉದ್ದ. ಗಟ್ಟಿಯಾಗಿ ಓದಿ ಗಡಿಯಾರ ನೋಡಿದೆ, ಹನ್ನೊಂದು ನಿಮಿಷ ಆಯಿತು. ನಿಮ್ಮ ಸರದಿ ಬಂದಾಗ ಪ್ರಾರ್ಥನೆ, ಸ್ವಾಗತ, ವರದಿ, ಬಹುಮಾನ, ಅಧ್ಯಕ್ಷರ ಭಾಷಣ ಎಲ್ಲ ಮುಗಿದಿರುತ್ತದೆ. ಪರದೆಯ ಹಿಂದೆ ಮೇಕಪ್ ಹಾಕಿಕೊಂಡ ಮಕ್ಕಳು ಬೆವರುತ್ತಿರುತ್ತಾರೆ. ನಾಲ್ಕು ನಿಮಿಷಕ್ಕೆ ಇಳಿಸಿ. ಎಸ್‌ಡಿಎಂಸಿ ಸದಸ್ಯರಿಗೆ ಒಟ್ಟಾಗಿ ಒಂದು ವಂದನೆ ಸಾಕು. ಶಾಮಿಯಾನ, ಮೈಕ್, ಅಡುಗೆಯವರ ಹೆಸರು ಮಾತ್ರ ಬಿಡಬೇಡಿ. ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂದರೆ ಅವರು ಯಾರೂ ಅದು ತಮಗೇ ಹೇಳಿದ್ದು ಅಂದುಕೊಳ್ಳುವುದಿಲ್ಲ.

ತಿದ್ದಿದ ಮೇಲೆ ಒಮ್ಮೆ ಆ ಅಕ್ಕನಿಗೆ ಓದಿ ತೋರಿಸಿ, ಲಟ್ಟಣಿಗೆಯ ಮಾತಿಗೆ ಅವರು ಒಪ್ಪಿದರೆ ನನಗೆ ಕಳಿಸಿ.