ಬಾಡಿಗೆ ಮೈಕ್ ಸೆಟ್, ಡಿಪಾಸಿಟ್ ಮತ್ತು ಜನರೇಟರಿನ ನ್ಯೂಟ್ರಲ್

ಪ್ರಶ್ನೆ: ಒಂದು ಮೈಕ್ ಸೆಟ್ಟು, ಒಂದು ಪ್ರೊಜೆಕ್ಟರ್ ತಗೊಂಡಿದೀನಿ. ಗಣೇಶನ ಹಬ್ಬಕ್ಕೆ ಸುತ್ತಲ ಹಳ್ಳಿಯವರು ಬಾಡಿಗೆಗೆ ಕೇಳ್ತಿದಾರೆ. ಜೊತೆಗೆ ಆಳು ಕಳಿಸೋಕೆ ಆಗಲ್ಲ, ಸೆಟ್ ಮಾತ್ರ ಕೊಟ್ಟು ಕಳಿಸಬೇಕು. ಹಾಳಾದ್ರೆ ನಷ್ಟ ತುಂಬೋಷ್ಟು ಡಿಪಾಸಿಟ್ ಎಷ್ಟು ಇಟ್ಕೋಬೇಕು?

ನಾನು 5,000 ಇಟ್ಟುಕೊಂಡಿದ್ದೆ. ರಿಪೇರಿಗೆ ಹೋದದ್ದು 11,000ಕ್ಕೂ ಮೇಲೆ. ತಿಪಟೂರು ಕಡೆಯ ಒಂದು ಹಳ್ಳಿ, ಗಣೇಶನ ಹಬ್ಬ. ಕೊಟ್ಟದ್ದು ಹದಿನೈದಿಂಚಿನ ಎರಡು ಬಾಕ್ಸು, ಒಂದು ಆಂಪ್ಲಿಫೈಯರ್, ಒಂದು ಸಣ್ಣ ಮಿಕ್ಸರ್, ಎರಡು ಕಾರ್ಡ್‌ಲೆಸ್ ಮೈಕು. ಎಲ್ಲದರ ಫೋಟೊ ಹೊಡೆದಿದ್ದೆ. ಬಾಕ್ಸಿನ ಮೂಲೆಯಲ್ಲಿದ್ದ ಹಳೆಯ ಏಟನ್ನೂ ಚೀಟಿಯಲ್ಲಿ ಬರೆದು ಸಮಿತಿಯವರ ಸಹಿ ಹಾಕಿಸಿದ್ದೆ. ಕೇಬಲ್ಲುಗಳನ್ನು ಎಣಿಸಿ ಕೊಟ್ಟಿದ್ದೆ. ನೀವು ಈಗ ಯಾವುದರ ಬಗ್ಗೆ ಯೋಚನೆ ಮಾಡುತ್ತಿದ್ದೀರೋ ಅದನ್ನೆಲ್ಲ ಸರಿಯಾಗಿಯೇ ಮಾಡಿದ್ದೆ.

ಸಂಜೆ ನಾಲ್ಕರ ಹೊತ್ತಿಗೆ ಪೆಂಡಾಲಿಗೆ ಹೋಗಿ ಸೆಟ್ ಜೋಡಿಸಿದೆ. ಸ್ವಿಚ್ ಬೋರ್ಡಿಗೆ ಮಲ್ಟಿಮೀಟರ್ ಹಿಡಿದು ನೋಡಿದೆ, 230ರ ಆಸುಪಾಸು ತೋರಿಸಿತು. ಒಂದು ಹಾಡು ಹಾಕಿ ಕೇಳಿಸಿ, ವಾಲ್ಯೂಮ್ ಇಲ್ಲಿಂದ ಮೇಲಕ್ಕೆ ತಿರುಗಿಸಬೇಡಿ ಅಂತ ಗುರುತು ಮಾಡಿಕೊಟ್ಟು ಮನೆಗೆ ಬಂದೆ. ತಪ್ಪು ಆದದ್ದು ಅಲ್ಲೇ. ಅಳೆದದ್ದು ತಪ್ಪಲ್ಲ, ಅಳೆದ ಹೊತ್ತು ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೈಕ್ ಸೆಟ್ ಬಾಡಿಗೆಗೆ ಕೊಡುವ ಎಷ್ಟೋ ಮಂದಿಗೆ ಇವತ್ತಿಗೂ ಇದು ಗೊತ್ತಿಲ್ಲ.

ಆ ಪೆಂಡಾಲಿಗೆ ಕಂಬದಿಂದ ತ್ರೀ ಫೇಸ್ ಕರೆಂಟು ಎಳೆದಿದ್ದರು. ಕರೆಂಟು ಹೋದರೆ ಇರಲಿ ಅಂತ ಬಾಡಿಗೆಗೆ ತಂದ ತ್ರೀ ಫೇಸ್ ಜನರೇಟರ್, ನಡುವೆ ಒಂದು ಚೇಂಜ್ ಓವರ್ ಸ್ವಿಚ್. ಫೋಕಸ್ ಲೈಟುಗಳೆಲ್ಲ ಒಂದು ಫೇಸಿನ ಮೇಲೆ, ನನ್ನ ಸೆಟ್ಟು ಮತ್ತು ಒಂದು ಸೀರಿಯಲ್ ಸೆಟ್ಟು ಇನ್ನೊಂದರ ಮೇಲೆ. ಮೂರನೆಯದು ಖಾಲಿ. ಮೂರು ಫೇಸಿಗೂ ಸೇರಿ ಕರೆಂಟು ವಾಪಸ್ ಹೋಗುವ ಒಂದೇ ತಂತಿ ನ್ಯೂಟ್ರಲ್. ಪ್ರತಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಆದರೆ ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಆ 400ಕ್ಕೂ ನಮಗೂ ಸಂಬಂಧವಿಲ್ಲ.

ರಾತ್ರಿ ಆರತಿ ಮುಗಿದು ಮಕ್ಕಳ ಡ್ಯಾನ್ಸ್ ನಡೆಯುವಾಗ ಕರೆಂಟು ಹೋಯಿತು. ಹುಡುಗರು ಜನರೇಟರ್ ಶುರು ಮಾಡಿ ಚೇಂಜ್ ಓವರ್ ತಿರುಗಿಸಿದರು. ಆ ಸ್ವಿಚ್ಚಿನಲ್ಲಿ ನ್ಯೂಟ್ರಲ್ಲಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿತ್ತು, ಸರಿಯಾಗಿ ಕೂರಲಿಲ್ಲ. ನ್ಯೂಟ್ರಲ್ ಬಿಟ್ಟುಹೋದಾಗ ಫೋಕಸ್ ಲೈಟುಗಳೂ ನನ್ನ ಸೆಟ್ಟೂ ಎರಡು ಫೇಸುಗಳ ನಡುವೆ ಒಂದರ ಹಿಂದೊಂದು ಜೋಡಿಸಿದ ಹಾಗಾಯಿತು. 400 ವೋಲ್ಟನ್ನು ಇಬ್ಬರೂ ಹಂಚಿಕೊಳ್ಳಬೇಕು. ಆದರೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಯಾರ ಲೋಡು ಕಡಿಮೆಯೋ ಅವರ ಪಾಲಿಗೆ ಹೆಚ್ಚು ವೋಲ್ಟ್ ಬೀಳುತ್ತದೆ. ಲೈಟು 3,000 ವ್ಯಾಟ್, ನನ್ನ ಕಡೆಯದು 500 ವ್ಯಾಟ್ ಅಂತಿಟ್ಟುಕೊಂಡು ಲೆಕ್ಕ ಹಾಕಿದರೆ ಲೈಟಿಗೆ ಉಳಿಯುವುದು 57 ವೋಲ್ಟ್, ನನ್ನ ಆಂಪ್ಲಿಫೈಯರಿಗೆ ಬೀಳುವುದು 343. ಇದು ಅಂದಾಜಿನ ಲೆಕ್ಕವೇ, ಆದರೆ ಆದದ್ದು ಹೆಚ್ಚುಕಡಿಮೆ ಹೀಗೇ.

ಅಲ್ಲಿದ್ದ ಹುಡುಗನೊಬ್ಬ ಆಮೇಲೆ ಹೇಳಿದ: "ಫೋಕಸ್ ಲೈಟೆಲ್ಲ ಕೆಂಪಗೆ ಮಂಕಾಗೋದ್ವು ಅಣ್ಣ, ಸೀರಿಯಲ್ ಸೆಟ್ ಮಾತ್ರ ಕಣ್ಣು ಕುಕ್ಕೋ ಹಂಗೆ ಉರೀತು, ಆಮೇಲೆ ಢಂ ಅಂತು." ನ್ಯೂಟ್ರಲ್ ಹೋಗಿದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಇಲ್ಲ. ಒಂದು ಕಡೆ ಲೈಟು ಮಂಕಾಗಿ, ಅದೇ ಕ್ಷಣ ಇನ್ನೊಂದು ಕಡೆ ಉಜ್ವಲವಾದರೆ ಯೋಚನೆ ಮಾಡುತ್ತ ನಿಲ್ಲಬಾರದು, ಪ್ಲಗ್ ಕಿತ್ತುಬಿಡಬೇಕು. ನಾನೋ, ನಾನು ಕಳಿಸಿದ ಆಳೋ ಅಲ್ಲಿದ್ದಿದ್ದರೆ ಕೈ ಸೀದಾ ಪ್ಲಗ್ಗಿಗೆ ಹೋಗುತ್ತಿತ್ತು. ಹುಡುಗರು ಲೈಟು ನೋಡುತ್ತ ನಿಂತರು. ಅವರದೇನೂ ತಪ್ಪಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಢಂ ಅಂದದ್ದು ಆಂಪ್ಲಿಫೈಯರಿನ ಒಳಗಿನ ದೊಡ್ಡ ಕೆಪಾಸಿಟರ್. ಅದರ ಜೊತೆಗೆ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಶಾರ್ಟ್ ಆದವು. ಅವು ಶಾರ್ಟ್ ಆದರೆ ಬಾಕ್ಸಿಗೆ ಹಾಡಿನ ಬದಲು ನೇರ ಡಿಸಿ ಕರೆಂಟು ಹರಿಯುತ್ತದೆ, ಕಾಯಿಲ್ ಸುಡುತ್ತದೆ. ನನ್ನ ಎರಡೂ ಬಾಕ್ಸಿನ ಕಾಯಿಲ್ ಹೋಯಿತು. ಮಿಕ್ಸರಿನ ಅಡಾಪ್ಟರ್ ಕೂಡ.

ಸಂಜೆ ನಾಲ್ಕಕ್ಕೆ ನನ್ನ ಮೀಟರ್ ಇದನ್ನು ಯಾಕೆ ಹಿಡಿಯಲಿಲ್ಲ? ಆಗ ಕಂಬದ ಕರೆಂಟು ಇತ್ತು, ಸ್ವಿಚ್ಚಿನ ಆ ಬದಿ ಸರಿಯಾಗಿಯೇ ಇತ್ತು, ಇದು ಮೊದಲ ಕಾರಣ. ಎರಡನೆಯದು ಇನ್ನೂ ಮುಖ್ಯ. ಆಗ ನಾನು ಜನರೇಟರ್ ಹಾಕಿಸಿ ನೋಡಿದ್ದರೂ ಲೈಟು ಹಾಕಿಸದಿದ್ದರೆ ತಿಳಿಯುತ್ತಿತ್ತು ಅಂತ ಹೇಳಲಾರೆ. ಮೀಟರ್ ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸುಟ್ಟ ಕಾಂಟ್ಯಾಕ್ಟಿನ ಮೂಲಕವೂ ಅದಕ್ಕೆ ಬೇಕಾದಷ್ಟು ಸಿಗುತ್ತದೆ, 230 ಅಂತ ನೆಮ್ಮದಿಯಾಗಿ ತೋರಿಸುತ್ತದೆ. ಲೋಡು ಬಿದ್ದಾಗ ಮಾತ್ರ ನ್ಯೂಟ್ರಲ್ಲಿನ ಬಣ್ಣ ಬಯಲಾಗುತ್ತದೆ. ಎಂಸಿಬಿ ಇತ್ತಲ್ಲ, ಅದು ಯಾಕೆ ಬೀಳಲಿಲ್ಲ ಅಂತ ಎಲ್ಲರೂ ಕೇಳಿದರು. ಎಂಸಿಬಿ ಎಷ್ಟು ಆಂಪಿಯರ್ ಹರಿಯುತ್ತಿದೆ ಅನ್ನುವುದನ್ನು ನೋಡುತ್ತದೆ, ಎಷ್ಟು ವೋಲ್ಟ್ ಇದೆ ಅನ್ನುವುದನ್ನಲ್ಲ.

ಮಾರನೆಯ ದಿನ ಸಮಿತಿಯವರ ಮುಂದೆ ಕೂತೆ. "ಸೆಟ್ಟು ಹಳೇದು ಕಣಪ್ಪ, ನಮ್ಮೂರಲ್ಲಿ ಸುಟ್ಟದ್ದು ನಿನ್ನ ಗ್ರಹಚಾರ" ಅಂದರು ಹಿರಿಯರು. ಜನರೇಟರಿನವನು "ನನ್ನ ಮಿಷನ್ ಸರಿ ಇದೆ, ಸ್ವಿಚ್ ಹಾಕಿದ್ದು ವೈರಿಂಗಿನವನು" ಅಂದ. ವೈರಿಂಗಿನವನು ಊರಲ್ಲೇ ಇರಲಿಲ್ಲ. ನನ್ನ ಚೀಟಿಯಲ್ಲಿ ಏಟು, ಗೀರು, ಕೇಬಲ್ ಎಲ್ಲ ಇತ್ತು. ಕರೆಂಟಿನ ಬಗ್ಗೆ ಒಂದಕ್ಷರ ಇರಲಿಲ್ಲ. ಡಿಪಾಸಿಟ್ ಹಿಡಿದುಕೊಂಡೆ, ಅವರು ಬಾಕಿ ಬಾಡಿಗೆ ಕೊಡಲಿಲ್ಲ. ವಿಸರ್ಜನೆಗೆ ಬೇರೆ ಊರಿನವರಿಂದ ಹಿಡಿದಿದ್ದ ಅಡ್ವಾನ್ಸ್ ವಾಪಸ್ ಕೊಡಬೇಕಾಯಿತು, ಸೆಟ್ಟೇ ಇಲ್ಲವಲ್ಲ. ಆ ಹಳ್ಳಿಯಿಂದ ಮತ್ತೆ ಯಾರೂ ಕೇಳಲಿಲ್ಲ.

ಹಾಗಾಗಿ ಡಿಪಾಸಿಟ್ ಎಷ್ಟು ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಸೆಟ್ಟಿನ ನಷ್ಟ ತುಂಬುವಷ್ಟು ಡಿಪಾಸಿಟ್ ಕೇಳಿದರೆ ಹಳ್ಳಿಯ ಯಾವ ಸಮಿತಿಯೂ ಕೊಡುವುದಿಲ್ಲ. ಮನೆಮನೆಗೆ ಹೋಗಿ ಚಂದಾ ಎತ್ತಿದ ದುಡ್ಡು ಅದು. ಅವರು ಕೊಡಬಲ್ಲಷ್ಟು ಇಟ್ಟುಕೊಂಡರೆ ಸುಟ್ಟ ಸೆಟ್ಟಿನ ಅರ್ಧ ರಿಪೇರಿಗೂ ಸಾಲದು. ಕಾಣೆಯಾದ ಮೈಕಿಗೆ, ಕತ್ತರಿಸಿದ ಕೇಬಲ್ಲಿಗೆ ಡಿಪಾಸಿಟ್ ಸರಿ, ಅಷ್ಟಕ್ಕೆ ಸಾಕಾಗುವಷ್ಟು ಇಟ್ಟುಕೊಳ್ಳಿ. ಸುಟ್ಟದ್ದಕ್ಕೆ ಅದು ಉತ್ತರವಲ್ಲ. ಯಾರು ಸುಟ್ಟರು ಅಂತ ಮಾರನೆಯ ದಿನ ಯಾರಿಗೂ ತೋರಿಸಲಾಗದು.

ಆಳು ಕಳಿಸೋಕೆ ಆಗಲ್ಲ ಅಂದಿದ್ದೀರಿ. ಹಾಗಾದರೆ ತ್ರೀ ಫೇಸ್ ಜನರೇಟರ್ ಇರುವ ಕಾರ್ಯಕ್ರಮಕ್ಕೆ ಸೆಟ್ ಕೊಡಬೇಡಿ ಅಂತಲೇ ಹೇಳುತ್ತೇನೆ. ಬಾಡಿಗೆ ಹೋಗಲಿ. ನಾನು ಈಗ ಬಾಡಿಗೆಯ ಜೊತೆ ಆಳಿನ ಕೂಲಿಯನ್ನೂ ಸೇರಿಸಿಯೇ ರೇಟು ಹೇಳುತ್ತೇನೆ. ಚೌಕಾಸಿ ಮಾಡಿದರೆ ಬಾಡಿಗೆ ಇಳಿಸುತ್ತೇನೆ, ಆಳನ್ನು ಬಿಡುವುದಿಲ್ಲ. ಸಿಂಗಲ್ ಫೇಸಿನ ಸಣ್ಣ ಜನರೇಟರ್ ಆದರೆ ಈ ಭಯವಿಲ್ಲ, ಅದರಲ್ಲಿ ಇನ್ನೊಂದು ಫೇಸೇ ಇಲ್ಲ, 400 ವೋಲ್ಟ್ ಎಲ್ಲಿಂದ ಬರಬೇಕು? ಆದ್ದರಿಂದ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಜನರೇಟರ್ ಯಾವುದು ಅಂತ.

ಇನ್ನೊಂದು ಕೆಲಸ ಮಾಡಿಕೊಳ್ಳಿ. ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಅಂತ ಎಂಸಿಬಿ ಅಳತೆಯಲ್ಲೇ ಸಿಗುತ್ತದೆ, ಎದುರಿಗೆ ವೋಲ್ಟ್ ತೋರಿಸುತ್ತದೆ. ಅದನ್ನು ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಎರಡು ಮೂರು ಪ್ಲಗ್ ಪಾಯಿಂಟ್ ಕೊಟ್ಟು, ಸೆಟ್ಟಿನ ಜೊತೆಗೇ ಕಳಿಸಿ. ನಾನು 265ಕ್ಕೆ ಕಟ್ ಆಗುವಂತೆ ಇಟ್ಟಿದ್ದೇನೆ. ವೋಲ್ಟ್ ಸರಿಹೋದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ತಾನೇ ಮತ್ತೆ ಕೊಡುತ್ತದೆ. ಸಾಧಾರಣ ಸ್ಟೆಬಿಲೈಜರ್ ಇದರ ಜಾಗಕ್ಕೆ ಬೇಡ, ಅದು ಕರೆಂಟು ಹೆಚ್ಚುಕಡಿಮೆ ಆದಾಗ ಸರಿದೂಗಿಸಲು ಮಾಡಿದ್ದು, 340 ವೋಲ್ಟ್ ಬಂದರೆ ಅದೇ ಸುಟ್ಟುಹೋಗಬಹುದು. ಚೀಟಿಯಲ್ಲಿ ಈಗ ಒಂದು ಸಾಲು ಸೇರಿಸಿದ್ದೇನೆ: "ಸೆಟ್ಟನ್ನು ನಮ್ಮ ಪೆಟ್ಟಿಗೆಯಿಂದಲೇ ಜೋಡಿಸಬೇಕು, ಬೇರೆ ಕಡೆ ಹಾಕಿ ಸುಟ್ಟರೆ ಪೂರ್ತಿ ರಿಪೇರಿ ಖರ್ಚು ಸಮಿತಿಯದು." ಪೆಟ್ಟಿಗೆಯ ಪ್ಲಗ್ ಬಾಯಿಗೂ ಆಂಪ್ಲಿಫೈಯರಿನ ಪ್ಲಗ್ಗಿಗೂ ಸೇರಿಸಿ ಸ್ಟಿಕ್ಕರ್ ಅಂಟಿಸುತ್ತೇವೆ. ಕಿತ್ತರೆ ಹರಿಯುತ್ತದೆ, ಮಾತಿಗೆ ಜಾಗವಿರುವುದಿಲ್ಲ.

ಅಳೆಯುವುದು ಹೇಗೆ ಅಂದರೆ, ಎಲ್ಲ ಲೈಟು ಹಾಕಿಸಿ, ಕಂಬದ ಕರೆಂಟಿನ ಮೇಲೆ ಒಮ್ಮೆ, ಜನರೇಟರಿನ ಮೇಲೆ ಒಮ್ಮೆ ನೋಡಬೇಕು. ಅಷ್ಟರವರೆಗೆ ಸೆಟ್ ಪ್ಲಗ್ಗಿನಿಂದ ಹೊರಗೇ ಇರಲಿ. ಒಬ್ಬರು ಲೈಟುಗಳನ್ನು ಒಂದೊಂದಾಗಿ ಹಾಕುತ್ತ ಹೋಗಲಿ, ನೀವು ಸೆಟ್ಟಿನ ಪ್ಲಗ್ ಪಾಯಿಂಟಿನಲ್ಲಿ ಮೀಟರ್ ಹಿಡಿದಿರಿ. ಲೈಟು ಹೆಚ್ಚಿದ ಹಾಗೆ ನಿಮ್ಮ ಫೇಸಿನ ವೋಲ್ಟ್ ಮೇಲೇರುತ್ತಿದ್ದರೆ ನ್ಯೂಟ್ರಲ್ ಎಲ್ಲೋ ಸಡಿಲವಿದೆ. ಆಗ ವೈರಿಂಗಿನವನನ್ನು ಕರೆಸಿ ಚೇಂಜ್ ಓವರ್ ಬಿಚ್ಚಿಸಿ ನೋಡಿಸಬೇಕು. ನೀವೇ ಬಿಚ್ಚಲು ಹೋಗಬೇಡಿ.

ವಾಪಸ್ ಬಂದಾಗ ಬಾಕ್ಸನ್ನು ಅವರ ಎದುರಿಗೇ ನೋಡಿ. ಎಂಟು ಓಮಿನ ಸ್ಪೀಕರ್ ಸರಿಯಿದ್ದರೆ ಬಿಚ್ಚಿಟ್ಟು ಮೀಟರಿನಲ್ಲಿ ಅಳೆದಾಗ ಆರರ ಹತ್ತಿರ ತೋರಿಸುತ್ತದೆ, ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ತುಂಡಾಗದೆ ಬರೀ ಸುಟ್ಟಿದ್ದರೆ ಮೀಟರ್ ಮೋಸ ಮಾಡುತ್ತದೆ. ಕೋನನ್ನು ಎರಡೂ ಕೈಯ ಬೆರಳಿಂದ ಸಮನಾಗಿ, ಮೆಲ್ಲಗೆ ಒತ್ತಿ. ಒಳಗೆ ಕರಕರ ಅಂದರೆ, ಮೂಗು ಹತ್ತಿರ ಇಟ್ಟಾಗ ಸುಟ್ಟ ವಾಸನೆ ಬಂದರೆ ಅದನ್ನು ಮುಂದಿನ ಕಾರ್ಯಕ್ರಮಕ್ಕೆ ಕಳಿಸಬೇಡಿ.

ಪ್ರೊಜೆಕ್ಟರನ್ನು ಮಾತ್ರ ಆಳಿಲ್ಲದೆ ಕೊಡಬಹುದು, ಅದೂ ಇದೇ ಪೆಟ್ಟಿಗೆಯ ಜೊತೆಗೆ. ಅದಕ್ಕೆ ಡಿಪಾಸಿಟ್ ಕೂಡ ಅರ್ಥವುಳ್ಳದ್ದು, ಹಾಳಾದದ್ದು ವಾಪಸ್ ಬಂದ ಗಳಿಗೆಯಲ್ಲೇ ಕಾಣುತ್ತದೆ. ಕೊಡುವಾಗ ಬಿಳಿ ಪರದೆಯ ಮೇಲೆ ಬರೀ ಬಿಳಿ ಚಿತ್ರ ಹಾಕಿ ಫೋಟೊ ಹೊಡೆಯಿರಿ. ಮೆನುವಿನಲ್ಲಿ Lamp Hours ಎಷ್ಟಿದೆ ಅಂತ ಬರೆದುಕೊಳ್ಳಿ, ವಾಪಸ್ ಬಂದಾಗ ಎರಡನ್ನೂ ಹೋಲಿಸಿ. ಲ್ಯಾಂಪಿನದಾದರೆ ಆಫ್ ಮಾಡಿದ ಮೇಲೆ ಫ್ಯಾನ್ ನಿಲ್ಲುವವರೆಗೆ ಪ್ಲಗ್ ಕೀಳಬಾರದು ಅಂತ ಅದರ ಮೇಲೆಯೇ ಕನ್ನಡದಲ್ಲಿ ಬರೆದು ಅಂಟಿಸಿ. ಕಾರ್ಯಕ್ರಮ ಮುಗಿದಾಗ ಎಲ್ಲರಿಗೂ ಮನೆಗೆ ಹೋಗುವ ಅವಸರ ಇರುತ್ತದೆ, ಪ್ಲಗ್ ಕೀಳುವವನು ಅದನ್ನು ಬಾಡಿಗೆಗೆ ತಂದವನೇ ಆಗಿರುವುದಿಲ್ಲ.