ಫುಟ್‌ಪಾತ್ ಇಲ್ಲದ ಘಾಟಿ ರಸ್ತೆಯಲ್ಲಿ ನಡಿಗೆ

ಪ್ರಶ್ನೆ: ಶಿರಸಿ–ಕುಮಟಾ ರಸ್ತೆಯಲ್ಲಿ ಫುಟ್‌ಪಾತೂ ಇಲ್ಲ, ಜೀಬ್ರಾ ಪಟ್ಟೆಯೂ ಇಲ್ಲ. ಯಾವ ಬದಿ ನಡೀಬೇಕು, ಎಲ್ಲಿ ದಾಟಬೇಕು?

ಉತ್ತರ: ಬಲಬದಿಯ ಅಂಚಿನಲ್ಲಿ ನಡೆಯಿರಿ. ಎದುರು ಬರುವ ಗಾಡಿ ನಿಮಗೆ ಕಾಣುತ್ತದೆ. ಜೊತೆಗೆ ಯಾರಾದರೂ ಇದ್ದರೆ ಒಬ್ಬರ ಹಿಂದೆ ಒಬ್ಬರು ಸಾಗಿ.

ದೇವಿಮನೆ ಘಾಟಿಯಲ್ಲಿ ಮಾತ್ರ ಒಂದು ವಿಷಯ ನೆನಪಿಡಿ. ರಸ್ತೆ ಬಲಕ್ಕೆ ಜೋರಾಗಿ ತಿರುಗುವಲ್ಲಿ ನೀವು ತಿರುವಿನ ಒಳಮಗ್ಗುಲಲ್ಲಿ, ಧರೆಯ ಮರೆಯಲ್ಲಿ ಇರುತ್ತೀರಿ. ಎದುರಿನ ಚಾಲಕನಿಗೆ ಕಾಣುವುದೇ ಕೊನೆ ಗಳಿಗೆಯಲ್ಲಿ. ಅದಕ್ಕೆ ತಿರುವಿಗೆ ಸಾಕಷ್ಟು ಮೊದಲೇ ಎಡಕ್ಕೆ ದಾಟಿ, ತಿರುವು ಮುಗಿದ ಮೇಲೆ ಮತ್ತೆ ಬಲಕ್ಕೆ ಬನ್ನಿ.

ದಾಟುವ ಲೆಕ್ಕ ಹೀಗಿದೆ. 7 ಮೀಟರ್ ಅಗಲದ ರಸ್ತೆ ದಾಟಲು ಸುಮಾರು 6 ಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ 100 ಮೀಟರ್ ಬಂದಿರುತ್ತದೆ. ಎರಡೂ ಕಡೆ ಅಷ್ಟು ದೂರ ಕಾಣದಿದ್ದರೆ ಅಲ್ಲಿ ದಾಟಬೇಡಿ, ನೇರ ರಸ್ತೆ ಸಿಗುವವರೆಗೆ ನಡೆಯಿರಿ. ಮಳೆಗಾಲದಲ್ಲಿ ಬ್ರೇಕ್ ಹಿಡಿಯುವುದು ತಡ. ಮುಂದಕ್ಕೆ ಬಾಗಿಸಿದ ಕೊಡೆ ಗಾಡಿಯನ್ನೇ ಮರೆಮಾಡುತ್ತದೆ, ಅದನ್ನು ಎತ್ತಿ ನೋಡಿ.

ಅಪಘಾತವಾದರೆ ತಪ್ಪೆಲ್ಲ ಚಾಲಕನದ್ದೇ ಅಂತ ಸುಮ್ನೆ ಅಂದುಕೊಳ್ಳಬೇಡಿ. ನಡೆಯುವವರ ಅಜಾಗ್ರತೆಯೂ ಸಾಬೀತಾದರೆ ಪರಿಹಾರದ ಮೊತ್ತದಲ್ಲಿ ಆ ಪಾಲು ಕಡಿತವಾಗಬಹುದು.