ಚಿತ್ರದಲ್ಲಿ 9 ಟ್ರಿಗರ್, ಪಟ್ಟಿಯಲ್ಲಿ 9 ಲ್ಯಾನ್ಸ್

ಪ್ರಶ್ನೆ: ಯಂತ್ರದ ಕೈಪಿಡಿ ಕನ್ನಡಕ್ಕೆ ಮಾಡ್ತಿದ್ದೀನಿ. ಚಿತ್ರದಲ್ಲಿ ನಂಬರ್ ಇವೆ, ಹೆಸರು ಕೆಳಗಿನ ಪಟ್ಟಿಯಲ್ಲಿವೆ. ಒಂದಕ್ಕೊಂದು ತಪ್ಪದ ಹಾಗೆ ಹೇಗೆ ನೋಡ್ಕೊಳ್ಳೋದು?

ನಾನು ಇರೋದು ಸಿಂಧನೂರಿನಲ್ಲಿ. ಬೆನ್ನಿಗೆ ಹಾಕಿಕೊಂಡು ಬೆಳೆಗೆ ಔಷಧಿ ಹೊಡೆಯುವ ಪಂಪಿನ ಕೈಪಿಡಿಯಲ್ಲಿ ಈ ತಪ್ಪು ನನ್ನಿಂದಲೇ ಆಗಿತ್ತು. ಚಿತ್ರದಲ್ಲಿ 12 ಬಾಣಗಳಿದ್ದವು. 4 ಬೆಲ್ಟ್, 5 ಬಕಲ್, 6 ಹ್ಯಾಂಡಲ್, 7 ಪ್ರೆಷರ್ ಚೇಂಬರ್, 8 ಹೋಸ್, 9 ಟ್ರಿಗರ್, 10 ಲ್ಯಾನ್ಸ್, ಅಂದರೆ ತುದಿಗೆ ನಾಝಲ್ ಇರುವ ಉದ್ದ ಕೊಳವೆ. ಬೆಲ್ಟ್, ಬಕಲ್ ಎರಡೂ ಸೇರಿಯೇ ಇರುತ್ತವಲ್ವಾ ಅಂತ 'ಬೆಲ್ಟ್ ಮತ್ತು ಬಕಲ್' ಎಂದು ಒಂದೇ ಸಾಲು ಮಾಡಿದೆ. ಪಟ್ಟಿಯ ನಂಬರ್ ವರ್ಡ್ ತಾನೇ ಹಾಕಿದ್ದು. ಒಂದು ಸಾಲು ಹೋದ ಕೂಡಲೇ ಕೆಳಗಿನವೆಲ್ಲ ಒಂದೊಂದು ನಂಬರ್ ಮೇಲೆ ಸರಿದವು. ಚಿತ್ರದ ನಂಬರ್ ಮಾತ್ರ ಅಲ್ಲೇ ಉಳಿದವು, ಅವು ಚಿತ್ರದ ಭಾಗವೇ ಆಗಿದ್ದವು. ಹಾಗಾಗಿ ಟ್ರಿಗರ್‌ಗೆ ಬಾಣ ಹಾಕಿದ್ದ 9ಕ್ಕೆ ಪಟ್ಟಿಯಲ್ಲಿ 'ಲ್ಯಾನ್ಸ್' ಬಂತು. 'ನಾಝಲ್ ಬಿಚ್ಚುವ ಮೊದಲು 9 ಒತ್ತಿ ಒತ್ತಡ ಬಿಡಿ' ಎಂಬ ಸಾಲು ಓದಿದ ರೈತ ಲ್ಯಾನ್ಸನ್ನು ಹೇಗೆ ಒತ್ತುತ್ತಾನೆ? ಒತ್ತಡ ಬಿಡದೆ ನಾಝಲ್ ಬಿಚ್ಚಿದರೆ ಔಷಧಿ ಮುಖಕ್ಕೇ ಹಾರುತ್ತದೆ.

ಅದಕ್ಕೇ ಈಗ ಕೆಲಸ ಶುರು ಮಾಡುವ ಮೊದಲೇ ಪಟ್ಟಿಯ ನಂಬರ್‌ಗಳನ್ನು ಸಾದಾ ಅಕ್ಷರ ಮಾಡಿಬಿಡುತ್ತೇನೆ. ಫೈಲಿನ ಒಂದು ಪ್ರತಿ ತೆಗೆದಿಟ್ಟು, ವರ್ಡ್‌ನಲ್ಲಿ `Alt+F11`, ಆಮೇಲೆ `Ctrl+G` ಒತ್ತಿ, ಇದನ್ನು ಬರೆದು ಎಂಟರ್ ಕೊಡಿ:

```
ActiveDocument.ConvertNumbersToText
```

ಆಮೇಲೆ ಸಾಲು ಅಳಿಸಿದರೂ ನಂಬರ್ ಸರಿಯುವುದಿಲ್ಲ. ಎರಡು ಸಾಲು ಸೇರಿಸಿ ಒಂದು ಮಾಡಬೇಡಿ, ಅ-ಆ ಕ್ರಮಕ್ಕೆ ಜೋಡಿಸಲೂ ಬೇಡಿ.

ಇನ್ನೊಂದು ತಪ್ಪು ಇದಕ್ಕಿಂತ ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಇಂಗ್ಲಿಷ್ ಪಟ್ಟಿಯಲ್ಲಿ 1ಕ್ಕೂ 11ಕ್ಕೂ ಬರೀ 'ಕ್ಯಾಪ್' ಅಂತ ಇತ್ತು. ಅನುವಾದದ ಸಾಫ್ಟ್‌ವೇರ್‌ನಲ್ಲಿ ಮೊದಲನೆಯದಕ್ಕೆ 'ಟ್ಯಾಂಕಿನ ಮುಚ್ಚಳ' ಎಂದು ಬರೆದರೆ, ಎರಡನೆಯದನ್ನೂ ಅದೇ ತುಂಬಿಬಿಡುತ್ತದೆ. ಆದರೆ 11 ಇದ್ದದ್ದು ನಾಝಲ್ ತುದಿಯಲ್ಲಿ. ಒಂದೇ ಹೆಸರು ಎರಡು ನಂಬರಿಗೆ ಬಂದರೆ ಚಿತ್ರ ನೋಡದೆ ಮುಂದೆ ಹೋಗಬೇಡಿ.

ಕೊನೆಗೆ ಸಾಲುಗಳನ್ನು ಎಣಿಸಿ. ಬಾಣ 12, ಸಾಲು 11 ಇದ್ದರೆ ತಪ್ಪು ಆಗಲೇ ಗೊತ್ತಾಗುತ್ತದೆ. ಎಣಿಕೆ ಸರಿ ಬಂದರೂ ಸುಮ್ನೆ ನಂಬಬೇಡಿ. ಒಂದು ಕಡೆ ಸಾಲು ಸೇರಿಸಿ, ಇನ್ನೊಂದು ಕಡೆ ಒಡೆದಿದ್ದರೆ ಎಣಿಕೆ 12 ಇರುತ್ತದೆ, ನಡುವಿನವು ಮಾತ್ರ ಕೆಟ್ಟಿರುತ್ತವೆ. ನಾನು ಪಂಪ್ ರಿಪೇರಿ ಅಂಗಡಿಗೆ ಹೋಗುತ್ತೇನೆ. ಮೆಕ್ಯಾನಿಕ್ ಕೈಗೆ ಚಿತ್ರ ಮಾತ್ರ ಕೊಡುತ್ತೇನೆ, ಪಟ್ಟಿ ನನ್ನ ಹತ್ತಿರವೇ ಇರುತ್ತದೆ. ನಾನು ಹೆಸರು ಮಾತ್ರ ಓದುತ್ತೇನೆ. ಅವರು ಪಂಪಿನಲ್ಲಿ ಆ ಭಾಗ ಮುಟ್ಟಿ, ಚಿತ್ರ ನೋಡಿ ನಂಬರ್ ಹೇಳುತ್ತಾರೆ. 12ಕ್ಕೆ ಹತ್ತು ನಿಮಿಷ ಸಾಕು. ಮಾದರಿ ಬದಲಾಗಿ ಮೂಲ ಚಿತ್ರವೇ ಹಳೆಯದಾಗಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ. ಒಮ್ಮೆ ನಾನು 'ಶೋಧಕ' ಅಂತ ಓದಿದೆ, ಅವರು ಕೈ ಆಡಿಸಲೇ ಇಲ್ಲ. ಟ್ಯಾಂಕಿನ ಬಾಯಲ್ಲಿ ಕೂರುತ್ತದಲ್ಲ ಅಂದಾಗ, 'ಜಾಲರಿ ಅನ್ರೀ ಸರ' ಎಂದು ಎತ್ತಿ ತೋರಿಸಿದರು. 2ರ ಎದುರು ಈಗ ಜಾಲರಿ ಅಂತಲೇ ಇದೆ.